ದನಿ ಮಗನದೇ, ಮಾತು ಯಾರದು?

ಫೋನಿನಲ್ಲಿ ಕೇಳಿಸುವುದು ಆ ಕಡೆಯವರ ದನಿ ಎಂದೇ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅದು ಅರ್ಧ ನಿಜ. ಮೊಬೈಲು ಮಾತನಾಡುವವರ ದನಿಯನ್ನು ಇದ್ದ ಹಾಗೇ ಹೊತ್ತು ತರುವುದಿಲ್ಲ. ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಪ್ರತಿ ತುಣುಕು ಹುಟ್ಟುವಾಗ ಗಂಟಲು ಮತ್ತು ಬಾಯಿ ಯಾವ ಆಕಾರದಲ್ಲಿದ್ದಿರಬೇಕು, ಒಳಗಿನ ಗಾಳಿ ಹೇಗೆ ಕಂಪಿಸಿರಬೇಕು ಎಂದು ಲೆಕ್ಕ ಹಾಕುತ್ತದೆ. ಕಳಿಸುವುದು ಆ ಲೆಕ್ಕವನ್ನು ಮಾತ್ರ. ಮೊಬೈಲ್ ಜಾಲಗಳು ಬಹುಕಾಲ ಬಳಸಿದ ಎಎಂಆರ್ ಎಂಬ ಕೋಡೆಕ್‌ನ ಮೇಲ್ದರ್ಜೆಯಲ್ಲೂ ಒಂದು ತುಣುಕಿಗೆ ಸಿಗುವುದು 244 ಬಿಟ್. ಅಷ್ಟನ್ನು ಓದಿಕೊಂಡು ನಮ್ಮ ಕೈಯಲ್ಲಿರುವ ಫೋನು ದನಿಯನ್ನು ಹೊಸದಾಗಿ ಕಟ್ಟಿ ಕೇಳಿಸುತ್ತದೆ. ಅಂದರೆ ತಿಪಟೂರಿನ ತಾಯಿ ವೈಟ್‌ಫೀಲ್ಡಿನ ಮಗನೊಡನೆ ಮಾತನಾಡುವ ಪ್ರತಿ ರಾತ್ರಿಯೂ ಅವರು ಕೇಳುವುದು ಯಂತ್ರ ಕಟ್ಟಿಕೊಟ್ಟ ದನಿಯನ್ನೇ.

ಹಳೆಯ ದೂರವಾಣಿ ಜಾಲವೂ ಜಿಪುಣ. ಅದು ಬಿಟ್ಟುಕೊಡುವುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಕಂಪನಗಳನ್ನು ಮಾತ್ರ. ಗಂಡಸಿನ ದನಿಯ ಮೂಲ ಕಂಪನ ಸಾಮಾನ್ಯವಾಗಿ 100ರಿಂದ 150 ಹರ್ಟ್ಜ್ ಆಸುಪಾಸಿನಲ್ಲಿರುತ್ತದೆ, ಅಂದರೆ ಅದು ಈ ಕಿಂಡಿಯಿಂದ ಒಳಗೆ ಬರುವುದೇ ಇಲ್ಲ. ಆದರೂ ಅಪ್ಪನ ದಪ್ಪ ದನಿ ನಮಗೆ ದಪ್ಪವಾಗಿಯೇ ಕೇಳುತ್ತದೆ. ಮೇಲಿನ ಕಂಪನಗಳ ನಡುವಿನ ಅಂತರ ನೋಡಿಕೊಂಡು, ಇಲ್ಲದ ಮೂಲವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಅತ್ತ ಮೇಲ್ತುದಿಯಲ್ಲಿ ‘ಸ’ಕಾರದ ಸೀಳು ಸದ್ದಿನ ಹೆಚ್ಚಿನ ಪಾಲು 4000 ಹರ್ಟ್ಜ್ ದಾಟಿದ ಮೇಲೆ ಇರುತ್ತದೆ, ಅದೂ ಕಳೆದುಹೋಗುತ್ತದೆ. ಈಗಿನ ವೋಲ್ಟಿ ಕರೆಗಳಲ್ಲಿ ಕಿಂಡಿ 7000 ಹರ್ಟ್ಜ್‌ವರೆಗೆ ತೆರೆದಿದೆ, ಆದರೆ ಲೆಕ್ಕ ಕಳಿಸಿ ದನಿ ಕಟ್ಟುವ ಕ್ರಮ ಬದಲಾಗಿಲ್ಲ. ಇಷ್ಟು ಕೊರತೆಯ ನಡುವೆಯೂ ‘ಹಲೋ’ ಎಂದೊಡನೆ ಯಾರೆಂದು ಗುರುತಿಸುತ್ತೇವೆ. ಕಿವಿಯ ಈ ಧಾರಾಳತನವೇ ವಂಚಕರಿಗೆ ಬಂಡವಾಳ. ನಕಲು ದನಿಯ ಒರಟುತನ, ಲೋಹದಂಥ ಸದ್ದು, ಅಸಹಜ ಉಸಿರು ಇವೆಲ್ಲ ಒಳ್ಳೆಯ ಹೆಡ್‌ಫೋನಿನಲ್ಲಿ ಸಿಕ್ಕಿಬೀಳಬಹುದು. ಫೋನಿನ ಕಿಂಡಿಯಲ್ಲಿ ಅಸಲಿ ದನಿಯೂ ಅಷ್ಟೇ ಸವೆದಿರುವುದರಿಂದ ಎರಡರ ವ್ಯತ್ಯಾಸ ಅಳಿಸಿಹೋಗುತ್ತದೆ.

ಇನ್ನು ನಕಲು ಮಾಡುವುದಕ್ಕೆ ಎಷ್ಟು ದನಿ ಬೇಕು? 2018ರಲ್ಲಿ ಗೂಗಲ್‌ನ ಸಂಶೋಧಕರು, ಒಬ್ಬ ವ್ಯಕ್ತಿಯ ಕೆಲವೇ ಸೆಕೆಂಡುಗಳ ಮಾತಿನಿಂದ ಅವರ ದನಿಯ ಗುರುತನ್ನು ಅಂಕಿಗಳ ಒಂದು ಸಾಲಾಗಿ ಇಳಿಸಿ, ಅದೇ ದನಿಯಲ್ಲಿ ಅವರು ಎಂದೂ ಹೇಳದ ವಾಕ್ಯಗಳನ್ನು ಹೇಳಿಸಬಹುದೆಂದು ತೋರಿಸಿದರು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ವಾಲ್-ಇ ಎಂಬ ಮಾದರಿ ಅದನ್ನು ಮೂರು ಸೆಕೆಂಡಿಗೆ ಇಳಿಸಿತು. ಮೂರು ಸೆಕೆಂಡಿನಲ್ಲಿ ಒಬ್ಬರ ದನಿ ಪೂರ್ತಿ ಸಿಗುವುದಿಲ್ಲ, ನಿಜ. ಆದರೆ ಆ ಮಾದರಿ ಅದಕ್ಕೆ ಮೊದಲೇ 60,000 ಗಂಟೆಗಳಷ್ಟು ಇಂಗ್ಲಿಷ್ ಮಾತು ಕೇಳಿ ಕಲಿತಿತ್ತು. ಮನುಷ್ಯರ ದನಿಗಳು ಎಷ್ಟು ಬಗೆಯಲ್ಲಿ ಬೇರೆಯಾಗಬಲ್ಲವು ಎಂಬುದು ಅದಕ್ಕೆ ಗೊತ್ತು. ಈ ದನಿ ಅದರಲ್ಲಿ ಎಲ್ಲಿ ಬರುತ್ತದೆ ಎಂದು ಗುರುತಿಸಲು ಮೂರು ಸೆಕೆಂಡು ಸಾಕು.

ಇದೆಲ್ಲ ಇಂಗ್ಲಿಷಿನವರ ತಲೆನೋವು, ಕನ್ನಡಕ್ಕೆ ಬರಲು ಇನ್ನೂ ಕಾಲವಿದೆ ಎಂದುಕೊಂಡಿದ್ದರೆ ಅದೂ ತಪ್ಪು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಿಸ್ಪಿನ್ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಯಂತ್ರಕ್ಕೆ ಮಾತು ಕಲಿಸಲು ಬೇಕಾದ ಧ್ವನಿಮುದ್ರಣಗಳನ್ನು ಸಂಗ್ರಹಿಸಿದೆ. 2024ರಲ್ಲಿ ಅಲ್ಲಿನವರು ನಡೆಸಿದ ಸ್ಪರ್ಧೆಯೊಂದರ ವಿಷಯವೇ ಭಾರತೀಯ ಭಾಷೆಗಳಲ್ಲಿ ಕೆಲವೇ ಮಾದರಿಗಳಿಂದ ದನಿ ನಕಲಿಸುವುದು, ಕನ್ನಡವೂ ಅದರಲ್ಲಿತ್ತು. ಉದ್ದೇಶ ಒಳ್ಳೆಯದು, ಓದಲು ಬಾರದವರಿಗೆ ಯಂತ್ರ ಅವರ ನುಡಿಯಲ್ಲೇ ಮಾತನಾಡಲಿ ಎಂಬುದು. ವಿದ್ಯೆ ಮಾತ್ರ ಯಾರ ಕೈಗೆ ಹೋಗಬೇಕೆಂದು ಕೇಳಿ ಹೋಗುವುದಿಲ್ಲ.

ಕಿವಿಯನ್ನು ಪಳಗಿಸಿದರೆ ಆಗುವುದಿಲ್ಲವೇ? 2023ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನೇ ಪರೀಕ್ಷಿಸಿದರು. ಕೇಳುಗರು ನಕಲು ಮಾತನ್ನು ಹಿಡಿದದ್ದು ನೂರಕ್ಕೆ 73 ಸಲ. ನಕಲಿನ ಉದಾಹರಣೆಗಳನ್ನು ಮೊದಲೇ ಕೇಳಿಸಿ ತರಬೇತಿ ಕೊಟ್ಟರೂ ಫಲ ಹೆಚ್ಚೇನೂ ಏರಲಿಲ್ಲ. 2025ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅಸಲಿ ದನಿಯನ್ನೂ ಅದರ ನಕಲನ್ನೂ ಜೊತೆಯಾಗಿ ಕೇಳಿಸಿ ‘ಇಬ್ಬರೂ ಒಬ್ಬರೇನಾ’ ಎಂದು ಕೇಳಿದಾಗ, ಸುಮಾರು ಶೇಕಡಾ 80 ಸಲ ‘ಹೌದು’ ಎಂಬ ಉತ್ತರ ಬಂತು. ಅವರೆಲ್ಲ ಇದು ಪರೀಕ್ಷೆ ಎಂದು ತಿಳಿದು, ಸಾವಧಾನವಾಗಿ ಕುಳಿತು ಕೇಳಿದವರು. ಒಲೆಯ ಮೇಲೆ ಹಾಲಿಟ್ಟು ಫೋನೆತ್ತಿದ ತಾಯಿಗೆ ಆ ಸಾವಧಾನ ಎಲ್ಲಿಂದ ಬರಬೇಕು? ಆದ್ದರಿಂದ ‘ದನಿಯಲ್ಲಿ ರೋಬಾಟಿನ ಛಾಯೆ ಇದೆಯೇ ಗಮನಿಸಿ’ ಎಂದು ವಾಟ್ಸ್ಯಾಪಿನಲ್ಲಿ ಹರಿದಾಡುವ ಸಲಹೆಗಳ ಮೇಲೆ ನನಗೆ ನಂಬಿಕೆಯಿಲ್ಲ. ಗಮನಿಸಬೇಕಾದದ್ದು ಕರೆಯ ನಡೆಯನ್ನು.

ಅದಕ್ಕೊಂದು ಮಾದರಿ ಕರೆಯನ್ನು ಕಟ್ಟಿ ನೋಡೋಣ. ಮನೆ ಕಲ್ಪಿತ, ಕರೆಯ ಪಟ್ಟುಗಳೆಲ್ಲ ದೂರುಗಳಲ್ಲಿ ಮತ್ತೆ ಮತ್ತೆ ಬಂದಂಥವು. ಮಗನಿಗೆ ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿ ಕೆಲಸ, ಕಾಡುಗೋಡಿಯಲ್ಲಿ ಮನೆ. ಕಂಪನಿಯ ಕಾರ್ಯಕ್ರಮವೊಂದರಲ್ಲಿ ಅವನು ಇಂಗ್ಲಿಷಿನಲ್ಲಿ ಮಾತನಾಡಿದ ವಿಡಿಯೊ ಯೂಟ್ಯೂಬಿನಲ್ಲಿದೆ. ಹೆಂಡತಿಯ ಇನ್‌ಸ್ಟಾಗ್ರಾಂ ರೀಲಿನಲ್ಲಿ ಅವನು ಕನ್ನಡದಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳಿದ್ದಾನೆ. ಎಲ್ಲಿ ಕೆಲಸ ಎಂಬುದು ಲಿಂಕ್ಡ್‌ಇನ್ನಿನಲ್ಲಿದೆ, ಅಮ್ಮ ಯಾರೆಂಬುದು ಫೇಸ್‌ಬುಕ್ಕಿನ ಕಾಮೆಂಟುಗಳಲ್ಲಿದೆ. ವೈಟ್‌ಫೀಲ್ಡಿನ ಕೆಲಸವೇ ಅಂಥದ್ದು, ಮಾತನಾಡುವುದೂ ಅದನ್ನು ಹಂಚಿಕೊಳ್ಳುವುದೂ ಅದರದೇ ಭಾಗ.

ಬೆಳಿಗ್ಗೆ ಹನ್ನೊಂದಕ್ಕೆ ತಿಪಟೂರಿನಲ್ಲಿ ತಾಯಿಯ ವಾಟ್ಸ್ಯಾಪ್ ಹೊಡೆದುಕೊಳ್ಳುತ್ತದೆ. ನಂಬರು +92ರಿಂದ ಶುರು, ಡಿಪಿಯಲ್ಲಿ ಖಾಕಿ ತೊಟ್ಟವರೊಬ್ಬರ ಫೋಟೊ. ಹಿಂದಿಯಲ್ಲಿ ಮಾತು: ‘ಇಂಥವರ ತಾಯಿಯೇ? ನಿಮ್ಮ ಮಗ ಒಂದು ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ.’ ತಾಯಿ ತಡವರಿಸುತ್ತಿರುವಾಗಲೇ, ‘ತಗೊಳ್ಳಿ, ಅವನ ಜೊತೇಲೇ ಮಾತಾಡಿ.’ ಆಮೇಲೆ ಬಿಕ್ಕುವ ದನಿ: ‘ಅಮ್ಮಾ... ಅಮ್ಮಾ, ನಾನೇನೂ ಮಾಡಿಲ್ಲಮ್ಮ... ಇವ್ರು ಹೇಳ್ದಂಗೆ ಮಾಡಮ್ಮ...’ ತಾಯಿ ‘ಎಲ್ಲಿದ್ದೀಯೋ ಮಗ, ಯಾರೋ ಅವ್ರು?’ ಎಂದು ಕೇಳುವಷ್ಟರಲ್ಲಿ ಫೋನು ಮತ್ತೆ ಖಾಕಿಯವನ ಕೈಗೆ ಹೋಗಿದೆ. ಎಂಬತ್ತು ಸಾವಿರ, ಈ ಯುಪಿಐ ನಂಬರಿಗೆ, ಹತ್ತು ನಿಮಿಷದೊಳಗೆ. ಕರೆ ಕತ್ತರಿಸಿದರೆ ಎಫ್‌ಐಆರ್. ಬೇರೆಯವರಿಗೆ ಹೇಳಿದರೆ ಹುಡುಗನ ಕೆಲಸ ಹೋಗುತ್ತದೆ.

ಇಲ್ಲಿ ಮಗನ ದನಿ ಇದ್ದದ್ದು ಹತ್ತು ಸೆಕೆಂಡೂ ಇಲ್ಲ. ಅದು ಮೊದಲೇ ತಯಾರಿಸಿಟ್ಟ ತುಣುಕು. ತುಣುಕಿಗೆ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ, ಅದಕ್ಕೇ ಪ್ರಶ್ನೆ ಮುಗಿಯುವ ಮೊದಲೇ ಫೋನು ಕೈ ಬದಲಿಸುತ್ತದೆ. ಅಳುವೂ ಲೆಕ್ಕಾಚಾರದ್ದೇ: ಅಳುವಾಗ ಎಲ್ಲರ ದನಿಯೂ ತನ್ನ ಎಂದಿನ ಗುರುತು ಬಿಟ್ಟುಕೊಡುತ್ತದೆ, ಆದ್ದರಿಂದ ಸ್ವಲ್ಪ ಹೋಲಿಕೆ ಇದ್ದರೂ ಸಾಕು. ನಿಜ ಹೇಳಬೇಕೆಂದರೆ ಈ ಆಟಕ್ಕೆ ಕೃತಕ ಬುದ್ಧಿಮತ್ತೆಯೇ ಬೇಕೆಂದಿಲ್ಲ. ಯಾರೋ ಒಬ್ಬ ಹುಡುಗ ‘ಅಮ್ಮಾ’ ಎಂದು ಅತ್ತರೂ ಕೆಲಸ ಆಗುತ್ತದೆ. ಕರೆಯ ದಾಖಲೆಯಲ್ಲಿ ನಂಬರು, ಸಮಯ ಇರುತ್ತವೆ, ಮಾತು ಇರುವುದಿಲ್ಲ. ಹಾಗಾಗಿ ತನಿಖೆಗೆ ಬಂದ ಎಷ್ಟೋ ದೂರುಗಳಲ್ಲಿ ಅದು ಯಂತ್ರದ ನಕಲೋ ಮನುಷ್ಯನ ನಟನೆಯೋ ಎಂದು ಆಮೇಲೆ ಬೇರ್ಪಡಿಸುವುದು ಕಷ್ಟ. ಹಣ ಕಳೆದುಕೊಂಡವರಿಗೆ ಆ ವ್ಯತ್ಯಾಸದಿಂದ ಆಗಬೇಕಾದದ್ದೂ ಏನಿಲ್ಲ.

ಮಾತಿಗೆ ಮಾತು ಕೊಡುವ ನಕಲೂ ಇದೆ. ವಂಚಕ ತಾನೇ ಮೈಕಿನ ಮುಂದೆ ಮಾತನಾಡುತ್ತಾನೆ, ತಂತ್ರಾಂಶ ಅವನ ದನಿಯನ್ನು ಆ ಕ್ಷಣದಲ್ಲೇ ಮಗನ ದನಿಯಾಗಿ ಬದಲಿಸುತ್ತದೆ. ಇದರಲ್ಲಿ ಬದಲಾಗುವುದು ದನಿಯ ಬಣ್ಣ. ಪದಗಳು, ರಾಗ, ನುಡಿಯ ಒಗ್ಗರಣೆ ವಂಚಕನದೇ ಉಳಿಯುತ್ತವೆ. ಅವನಿಗೆ ಕನ್ನಡ ಬಾರದಿದ್ದರೆ ದನಿಗೂ ಬಾರದು. ಎಂದೂ ಅಮ್ಮನ ಹತ್ತಿರ ಇಂಗ್ಲಿಷ್ ಆಡದ ಮಗ ದಿಢೀರನೆ ‘ಮಾಮ್, ಐ ಆಮ್ ಇನ್ ಟ್ರಬಲ್’ ಎಂದರೆ, ‘ಅಕ್ಕ’ ಎನ್ನಬೇಕಾದವಳನ್ನು ‘ದೀದಿ’ ಎಂದರೆ, ಹಳ್ಳಿ ‘ಹಲ್ಲಿ’ಯಾದರೆ ಅನುಮಾನಪಡಲು ಅಷ್ಟೇ ಸಾಕು. ಆದರೆ ಇದನ್ನೇ ನೆಚ್ಚಿಕೊಳ್ಳುವುದಕ್ಕಾಗದು. 2023ರಲ್ಲಿ ಹೈದರಾಬಾದಿನ ಮಹಿಳೆಯೊಬ್ಬರಿಗೆ ಕೆನಡಾದಲ್ಲಿರುವ ಸೋದರಳಿಯನ ದನಿಯಲ್ಲಿ ಕರೆ ಬಂತು: ಅಪಘಾತವಾಗಿದೆ, ಜೈಲಿಗೆ ಹಾಕುತ್ತಾರೆ, ಹಣ ಕಳಿಸು, ಯಾರಿಗೂ ಹೇಳಬೇಡ. ಅವರು 1.4 ಲಕ್ಷ ರೂಪಾಯಿ ಕಳಿಸಿದರು. ಮನೆಯಲ್ಲಿ ತಾವಾಡುವ ಪಂಜಾಬಿಯನ್ನೇ, ಅದೇ ಧಾಟಿಯಲ್ಲಿ ಅವನು ಆಡಿದ ಎಂಬುದು ಅವರ ಹೇಳಿಕೆ.

ನಮ್ಮ ಗಡಿಯಾಚೆಯ ಕೋಳಿಕ್ಕೋಡಿನಲ್ಲಿ ಅದೇ ವರ್ಷದ ಜುಲೈಯಲ್ಲಿ ನಡೆದದ್ದು ಇನ್ನೊಂದು ಪಾಠ ಕಲಿಸುತ್ತದೆ. ಕೋಲ್ ಇಂಡಿಯಾದಿಂದ ನಿವೃತ್ತರಾದ ಒಬ್ಬರಿಗೆ ಹಳೆಯ ಸಹೋದ್ಯೋಗಿಯಿಂದ ವಾಟ್ಸ್ಯಾಪ್ ಕರೆ. ತಾನು ದುಬೈ ವಿಮಾನ ನಿಲ್ದಾಣದಲ್ಲಿದ್ದೇನೆ, ಮುಂಬೈನಲ್ಲಿ ಸಂಬಂಧಿಕರಿಗೆ ತುರ್ತು ಶಸ್ತ್ರಚಿಕಿತ್ಸೆ, 40,000 ರೂಪಾಯಿ ಬೇಕು. ವಿಡಿಯೊದಲ್ಲೂ ಕೆಲವು ಕ್ಷಣ ಅದೇ ಮುಖ ಕಂಡಿತು. ಅಷ್ಟೇ ಅಲ್ಲ, ಇಬ್ಬರಿಗೂ ಗೊತ್ತಿದ್ದ ಗೆಳೆಯರ ಹೆಸರುಗಳೂ ಮಾತಿನಲ್ಲಿ ಬಂದವು. ಹಣ ಹೋಯಿತು. ಮತ್ತೆ 35,000 ಕೇಳಿದಾಗ ಅನುಮಾನ ಬಂದು, ತಮ್ಮ ಬಳಿ ಮೊದಲಿನಿಂದ ಇದ್ದ ನಂಬರಿಗೆ ಕರೆ ಮಾಡಿದರು. ಗೆಳೆಯನಿಗೆ ವಿಷಯವೇ ಗೊತ್ತಿರಲಿಲ್ಲ. ಗೆಳೆಯರ ಹೆಸರು ಹೇಳಿದ ಮಾತ್ರಕ್ಕೆ ಅವನೇ ಎಂದು ಖಾತ್ರಿಯಾಗಲಿಲ್ಲ, ಏಕೆಂದರೆ ಆ ಹೆಸರುಗಳು ಮನೆಯೊಳಗಿನ ಗುಟ್ಟುಗಳಲ್ಲ. ಕೊನೆಗೆ ಸತ್ಯ ಹೊರಗೆ ತಂದದ್ದು ಅವರು ತಾವಾಗಿ ಮಾಡಿದ ಕರೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಕರೆ ಕತ್ತರಿಸಿ ಮಗನ ಹಳೆಯ ನಂಬರಿಗೆ ನಾವೇ ಕರೆ ಮಾಡುವುದಕ್ಕೆ. ಬಂದ ಕರೆಯ ನಂಬರನ್ನು ಸುಳ್ಳಾಗಿ ತೋರಿಸಬಹುದು, ನಾವು ಒತ್ತಿದ ನಂಬರು ಮಾತ್ರ ಅದರದೇ ಸಿಮ್ಮಿಗೆ ಹೋಗುತ್ತದೆ. ಇದಕ್ಕೂ ಒಂದು ತೂತಿತ್ತು. ಕೊರಿಯರ್ ಕಂಪನಿಯವರ ಸೋಗಿನಲ್ಲಿ *401* ಒತ್ತಿ ಒಂದು ನಂಬರು ಸೇರಿಸಿ ಎನ್ನುತ್ತಿದ್ದರು. ಒತ್ತಿದವರಿಗೆ ಬರುವ ಕರೆಗಳೆಲ್ಲ ವಂಚಕರ ಫೋನಿಗೆ ತಿರುಗುತ್ತಿದ್ದವು. ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತು. ಈಗ ದೊಡ್ಡ ಅಡ್ಡಿ ಬೇರೆ: ಮಗ ಮೀಟಿಂಗಿನಲ್ಲಿ ಫೋನು ಸೈಲೆಂಟಿಗೆ ಹಾಕಿದ್ದಾನೆ, ಅಥವಾ ಮೆಟ್ರೋದ ನೂಕುನುಗ್ಗಲಿನಲ್ಲಿದ್ದಾನೆ. ಎತ್ತದ ಫೋನು ತಾಯಿಯ ಭಯವನ್ನು ಇನ್ನಷ್ಟು ನಿಜ ಮಾಡುತ್ತದೆ. ಕುಟುಂಬದ ಗುಟ್ಟಿನ ಮಾತು ಬೇಕಾಗುವುದು ಆ ಹೊತ್ತಿಗೆ. ಅಮೆರಿಕದ ಎಫ್‌ಬಿಐ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲೂ ಮನೆಯವರು ಇಂಥ ಒಂದು ಮಾತನ್ನು ಗೊತ್ತುಮಾಡಿಕೊಳ್ಳಬೇಕೆಂಬ ಸಲಹೆ ಇತ್ತು.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಇದರ ತತ್ವ ದಿನಾ ನಡೆಯುತ್ತಿದೆ. ಗೇಟಿನ ಸೆಕ್ಯೂರಿಟಿಯವರು ಬಂದವರ ಮುಖ ನೋಡಿ ಬಿಡುವುದಿಲ್ಲ, ಮನೆಯವರು ಕೊಟ್ಟ ಕೋಡ್ ಹೇಳಿ ಎನ್ನುತ್ತಾರೆ. ಮುಖವನ್ನಾಗಲಿ ದನಿಯನ್ನಾಗಲಿ ಹೊರಗಿನಿಂದ ಕದಿಯಬಹುದು. ಇಬ್ಬರ ತಲೆಯಲ್ಲಿ ಮಾತ್ರ ಇರುವುದನ್ನು ರೀಲಿನಿಂದ ಕದಿಯಲಾಗದು. 2024ರ ಜುಲೈಯಲ್ಲಿ ಫೆರಾರಿ ಕಾರು ಕಂಪನಿಯ ಅಧಿಕಾರಿಯೊಬ್ಬರಿಗೆ ಮುಖ್ಯಸ್ಥ ಬೆನೆಡೆಟ್ಟೊ ವಿಗ್ನಾ ಅವರ ದನಿಯಲ್ಲಿ, ಅವರದೇ ದಕ್ಷಿಣ ಇಟಲಿಯ ಧಾಟಿಯಲ್ಲಿ ಕರೆ ಬಂದಾಗ ಆ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಕೆಲವು ದಿನಗಳ ಹಿಂದೆ ನೀವು ನನಗೆ ಓದಲು ಹೇಳಿದ ಪುಸ್ತಕ ಯಾವುದು? ಕರೆ ಅಲ್ಲಿಗೇ ಕಡಿದುಹೋಯಿತು.

ಆ ಪ್ರಶ್ನೆ ಮುಂಚೆ ಗೊತ್ತುಮಾಡಿಕೊಂಡದ್ದಲ್ಲ, ಹೊಳೆದದ್ದು. ಗಾಬರಿಯಲ್ಲಿ ಎಲ್ಲರಿಗೂ ಹೊಳೆಯುವುದಿಲ್ಲ, ಅದಕ್ಕೇ ಮೊದಲೇ ತೀರ್ಮಾನಿಸಿಡಬೇಕು. ಪಾಸ್‌ವರ್ಡಿನಂಥ ಒಂಟಿ ಪದಕ್ಕಿಂತ ಪ್ರಶ್ನೆ ಮತ್ತು ಉತ್ತರದ ಜೋಡಿ ನನಗೆ ಹೆಚ್ಚು ಇಷ್ಟ. ವಯಸ್ಸಾದವರಿಗೆ ಬಿಡಿ ಪದ ಮರೆಯುತ್ತದೆ, ನಡೆದ ಘಟನೆ ಮರೆಯುವುದಿಲ್ಲ. ‘ಚಿಕ್ಕಪ್ಪನ ಮದುವೇಲಿ ಏನೋ ಚೆಲ್ಲಿತ್ತು?’ ಎಂದು ತಾಯಿ ಕೇಳಬೇಕು. ಉತ್ತರ ‘ಪಾಯಸ’ ಎಂದಿದ್ದರೆ ಕೆಲಸಕ್ಕೆ ಬಾರದು, ಮದುವೆಯಲ್ಲಿ ಚೆಲ್ಲುವುದು ಪಾಯಸವೋ ಸಾರೋ ಎಂದು ಯಾರಾದರೂ ಊಹಿಸುತ್ತಾರೆ. ಉತ್ತರ ‘ಸೀಮೆಎಣ್ಣೆ’ ಆಗಿದ್ದರೆ ಒಳ್ಳೆಯದು. ನಿಜವಾಗಿ ಚೆಲ್ಲಿದ್ದು ಪಾಯಸವೇ ಆಗಿದ್ದರೂ ಮನೆಯವರೆಲ್ಲ ಸೇರಿ ಸೀಮೆಎಣ್ಣೆ ಎಂದು ತೀರ್ಮಾನಿಸಿಕೊಂಡರೆ ಇನ್ನೂ ಒಳ್ಳೆಯದು, ಮದುವೆಗೆ ಬಂದಿದ್ದ ನೆಂಟರಿಗೂ ಅದು ಸಿಗುವುದಿಲ್ಲ. ಮನೆದೇವರು, ನಾಯಿಯ ಹೆಸರು, ಮೊಮ್ಮಗಳ ಮುದ್ದಿನ ಹೆಸರು ಬೇಡ. ಅವೆಲ್ಲ ಎಲ್ಲೋ ಒಂದು ಫೋಟೊದ ಕೆಳಗೆ ಬರೆದಿರುತ್ತವೆ. ಗೊತ್ತುಮಾಡಿಕೊಳ್ಳುವುದು ಹಬ್ಬಕ್ಕೆ ಊರಿಗೆ ಹೋದಾಗ, ಎದುರುಬದುರು ಕುಳಿತು. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರೆ ಆ ಗ್ರೂಪಿನ ಯಾವುದೇ ಒಂದು ವಾಟ್ಸ್ಯಾಪ್ ಖಾತೆ ಕಳುವಾದ ದಿನ ಅದೂ ಹೋಯಿತು.

ಗುಟ್ಟು ಬಯಲಾಗುವುದು ಹೆಚ್ಚಾಗಿ ಗಾಬರಿಯಲ್ಲಿ. ‘ನಾವು ಸೀಮೆಎಣ್ಣೆ ಅಂತ ಮಾತಾಡ್ಕೊಂಡಿದ್ವಲ್ಲ, ಅದನ್ನ ಹೇಳು’ ಎಂದು ತಾಯಿಯೇ ಬಾಯಿಬಿಟ್ಟರೆ ಮುಗಿಯಿತು. ಇನ್ನೊಂದು ದಾರಿ ಹೆಚ್ಚು ಜಾಣತನದ್ದು. ವಂಚಕ ಮೊದಲು ಮಗನಿಗೆ ತಾಯಿಯ ದನಿಯಲ್ಲಿ ಕರೆ ಮಾಡುತ್ತಾನೆ: ‘ಯಾರೋ ನಿನ್ನ ಹೆಸರಲ್ಲಿ ಫೋನ್ ಮಾಡಿದ್ರು ಮಗ, ನೀನೇ ಹೌದಾ? ಆ ಮಾತು ಹೇಳು ನೋಡೋಣ.’ ಮಗ ಹೇಳಿದ ಕೂಡಲೇ ಅದನ್ನು ಹಿಡಿದುಕೊಂಡು ತಾಯಿಗೆ ಫೋನು. ಆದ್ದರಿಂದ ಗುಟ್ಟಿನ ಮಾತಿಗೆ ಒಂದು ದಿಕ್ಕು ಇರಬೇಕು. ಸಹಾಯ ಬೇಡುವವರು ಹೇಳಬೇಕು, ಕೊಡುವವರು ಕೇಳಬೇಕು. ನಾನೇನನ್ನೂ ಬೇಡದೆ ಇರುವಾಗ ಬಂದ ಕರೆಯಲ್ಲಿ ಯಾರಾದರೂ ಅದನ್ನು ಕೇಳಿದರೆ ಕೊಡುವಂತಿಲ್ಲ, ದನಿ ಹೆತ್ತ ತಾಯಿಯದೇ ಆಗಿರಲಿ.

ಉತ್ತರ ಬಾರದಿದ್ದರೆ? ಮಗ ನಿಜವಾಗಿಯೇ ಅಪಘಾತದಲ್ಲಿ ಸಿಲುಕಿ, ನೋವಿನಲ್ಲಿ ಮದುವೆಯ ಕಥೆ ಮರೆತಿರಬಹುದು. ಉತ್ತರವಿಲ್ಲದಿದ್ದರೆ ಅದು ಮೋಸ ಎಂದು ಸಾಬೀತಾಗುವುದಿಲ್ಲ. ಇನ್ನೊಂದು ದಾರಿಯಲ್ಲಿ ಖಾತ್ರಿಯಾಗುವವರೆಗೆ ಹಣ ಹೋಗಬಾರದು, ಅಷ್ಟೇ. ಸೊಸೆಗೆ ಫೋನು, ಆಫೀಸಿನ ಗೆಳೆಯನಿಗೆ ಫೋನು, ಆಸ್ಪತ್ರೆಯ ಹೆಸರು ಹೇಳಿದ್ದರೆ ಅದರ ನಂಬರು ನಾವೇ ಹುಡುಕಿ ರಿಸೆಪ್ಷನ್ನಿಗೆ ಫೋನು. ಪೊಲೀಸ್ ಠಾಣೆ ಎಂದಿದ್ದರೆ 112. ಬಿಡುಗಡೆಗೆ ಯುಪಿಐಯಲ್ಲಿ ಹಣ ಕಳಿಸಿ ಎನ್ನುವ ವಿಧಾನ ಯಾವ ಕಾನೂನಿನಲ್ಲೂ ಇಲ್ಲ. ಇಷ್ಟಕ್ಕೆ ಹತ್ತು ನಿಮಿಷ ಸಾಕು, ಕರೆ ಮಾಡಿದವನು ತಡೆಯಲು ಹೆಣಗುವುದೂ ಅದೇ ಹತ್ತು ನಿಮಿಷವನ್ನು. ವಂಚಕನಿಗೆ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತದೆ. ಮಗನಿಗಾದರೆ ಇನ್ನೊಂದು ಪ್ರಶ್ನೆಗಾದರೂ ಉತ್ತರ ಹೊಳೆಯುತ್ತದೆ.

ಹಣ ಹೋಗಿಬಿಟ್ಟಿದ್ದರೆ ಮೊದಲು 1930ಕ್ಕೆ ಕರೆ, ಆಮೇಲೆ ಉಳಿದವರಿಗೆ. ಕಳಿಸಿದ ಹಣ ಬೇರೆಯವರ ಹೆಸರಿನ ಬಾಡಿಗೆ ಖಾತೆಗಳ ಮೂಲಕ ಹಾದು ಎಟಿಎಂ ತಲುಪುವುದು ಬೇಗ. 1930ರಲ್ಲಿ ದೂರು ನಮೂದಾದೊಡನೆ ಆಯಾ ಬ್ಯಾಂಕಿಗೆ ಸೂಚನೆ ಹೋಗಿ, ಇನ್ನೂ ತೆಗೆಯದ ಹಣಕ್ಕೆ ತಡೆ ಬೀಳುತ್ತದೆ. ಕೋಳಿಕ್ಕೋಡಿನ ಪ್ರಕರಣದಲ್ಲಿ ಹಣದ ಜಾಡು ಸಿಕ್ಕಿದ್ದೂ ಹೀಗೆ ಬೇಗ ದೂರು ಕೊಟ್ಟಿದ್ದರಿಂದ. ಕರೆ ಮಾಡುವಾಗ ಯುಪಿಐ ಆ್ಯಪ್‌ನ ಆ ವಹಿವಾಟಿನ ಪುಟದಲ್ಲಿರುವ ಹನ್ನೆರಡು ಅಂಕಿಯ ಯುಟಿಆರ್ ನಂಬರು ಎದುರಿಗಿರಲಿ, ಅವರು ಕೇಳುವುದು ಅದನ್ನೇ. ಅದೇ ದೂರನ್ನು cybercrime.gov.in ತಾಣದಲ್ಲೂ ಕೊಡಬಹುದು. ವೈಟ್‌ಫೀಲ್ಡ್ ವಿಭಾಗಕ್ಕೆ ತನ್ನದೇ ಸಿಇಎನ್ ಪೊಲೀಸ್ ಠಾಣೆ ಇದೆ. ಸಿಟ್ಟಿನಲ್ಲಿ ಆ ವಾಟ್ಸ್ಯಾಪ್ ಚಾಟ್ ಅಳಿಸಿಹಾಕುವವರು ಬಹಳ. ಅಳಿಸುವ ಮೊದಲು ನಂಬರು, ಡಿಪಿ, ಕರೆಯ ಸಮಯ, ಯುಪಿಐ ಐಡಿ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಹಣ ಹೋಗದೆ ಬಚಾವಾದವರೂ ಆ ನಂಬರನ್ನು ಸಂಚಾರ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ದಾಖಲಿಸಬಹುದು. ಆ ಕರೆಯಲ್ಲಿ ಸೀಮೆಎಣ್ಣೆಯ ಮಾತು ಯಾರ ಬಾಯಿಂದ ಬಂದಿದ್ದರೂ ಮುಂದಿನ ಸಲ ಊರಿಗೆ ಹೋದಾಗ ಬೇರೆ ಉತ್ತರ ಗೊತ್ತುಮಾಡಿಕೊಳ್ಳಬೇಕು.